ಕೆಳಗಿನ ದಾರ ಹರಿದು ರಕ್ತ: ಹೊಲಿಗೆಯೋ, ಸುನ್ನತಿಯೋ?

ಪ್ರಶ್ನೆ: ಮದುವೆಯಾಗಿ ಎರಡು ತಿಂಗಳು. ಸೇರುವಾಗ ಶಿಶ್ನದ ತುದಿಯ ಕೆಳಗೆ ಮುಂದೊಗಲನ್ನು ಹಿಡಿದಿರುವ ದಾರದಂಥ ಚರ್ಮ ಎರಡು ಸಲ ಹರಿದು ರಕ್ತ ಬಂತು. ಆಪರೇಷನ್ ಬೇಕೇಬೇಕಾ? ಮಾಡಿಸಿದವರು ಹೇಳಿ.

ತುಮಕೂರಿನವನು: ನನಗೆ ಮೂರು ಸಲ ಹರಿದಿತ್ತು. ಮೊದಲ ಸಲ ಹಾಸಿಗೆ ಮೇಲೆ ಅಂಗೈಯಗಲ ರಕ್ತ. ಇಬ್ಬರೂ ಹೆದರಿಬಿಟ್ಟೆವು. ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುತ್ತಿದ್ದೆ, ಅದಕ್ಕೇ ನಿಲ್ಲಲಿಲ್ಲ. ಆ ದಾರದೊಳಗೆ ಸಣ್ಣ ರಕ್ತನಾಳ ಇದೆ. ಎತ್ತದೆ ಹದಿನೈದು ನಿಮಿಷ ಒತ್ತಿ ಹಿಡಿದ ಮೇಲೆ ನಿಂತಿತು. ಹತ್ತು ದಿನಕ್ಕೆ ವಾಸಿಯಾಯ್ತು ಅಂದುಕೊಂಡೆವು. ಮತ್ತೆ ಅದೇ ಜಾಗ ಹರಿಯಿತು. ಗಾಯದ ಕಲೆ ಗಟ್ಟಿಯಾಗಿ ದಾರ ಇನ್ನೂ ಗಿಡ್ಡವಾಗಿತ್ತು.

ಕೊನೆಗೆ ದಾರ ಉದ್ದ ಮಾಡುವ ಆಪರೇಷನ್, ಫ್ರೆನುಲೋಪ್ಲಾಸ್ಟಿ ಮಾಡಿಸಿದೆ. ಮರಗಟ್ಟಿಸುವ ಇಂಜೆಕ್ಷನ್, ಅರ್ಧ ಗಂಟೆ. ಅಡ್ಡಕ್ಕೆ ಕೊಯ್ದು ಉದ್ದಕ್ಕೆ ಹೊಲಿಯುತ್ತಾರೆ, ಉದ್ದ ಸಿಗೋದು ಅಲ್ಲಿಂದಲೇ. ಹೇಳಿದ್ದು 15,000, ಬಿಲ್ ಬಂದದ್ದು 22,400. ಗ್ಲೌಸ್‌ಗೂ ಬೇರೆ ಲೆಕ್ಕ! ನಾಲ್ಕನೇ ರಾತ್ರಿ ನಿದ್ದೆಯಲ್ಲಿ ನಿಗುರಿ ಒಂದು ಹೊಲಿಗೆ ಬಿಟ್ಟಿತು. ಉಳಿದವು ತಾವಾಗೇ ಕರಗಿದವು. ಆರು ವಾರ ಹತ್ತಿರ ಹೋಗಲಿಲ್ಲ. ಆಮೇಲೆ ಒಂದು ಸಲವೂ ಹರಿದಿಲ್ಲ.

ಕರಾವಳಿ ಹುಡುಗ: ಅದು ಅರ್ಧ ಕೆಲಸ. ನನಗೂ ಮೊದಲು ದಾರ ಮಾತ್ರ ಹೊಲಿದರು, ಎಂಟು ತಿಂಗಳಿಗೆ ಮತ್ತೆ ಹರಿಯಿತು. ಎರಡನೇ ಸಲ ಸುನ್ನತಿ ಮಾಡಿಸಿದೆ, ಇನ್ನೊಂದು 30,000. ಮೊದಲೇ ಮಾಡಿಸಬೇಕಿತ್ತು. ಎಲ್ಲರೂ ಅದನ್ನೇ ಮಾಡಿಸಿ.

ತುಮಕೂರಿನವನು: ಎಲ್ಲರೂ ಯಾಕೆ? ನನ್ನ ಮುಂದೊಗಲು ಸಲೀಸಾಗಿ ಹಿಂದೆ ಹೋಗುತ್ತೆ. ಸುಮ್ನೆ ಯಾಕೆ ತೆಗೆಸಲಿ?

ಓಟಿಯಲ್ಲಿ 11 ವರ್ಷ: ಜಗಳ ಅಲ್ಲೇ ಇದೆ ನೋಡಿ. ನಿಗುರಿದಾಗ ಮುಂದೊಗಲು ಪೂರ್ತಿ ಹಿಂದೆ ಹೋಗಿ, ದಾರ ಮಾತ್ರ ಬಿಳಿಚಿಕೊಂಡು ತುದಿ ಕೆಳಗೆ ಬಾಗಿದರೆ ದಾರವಷ್ಟೇ ಗಿಡ್ಡ. ಮುಂದೊಗಲೇ ಬಿಗಿ ಇದ್ದರೆ ಬರೀ ದಾರ ಹೊಲಿದು ಪ್ರಯೋಜನ ಕಡಿಮೆ. ಕರಾವಳಿಯವರೇ, ನಿಮ್ಮದು ಬಿಗಿ ಇತ್ತಾ?

ಕರಾವಳಿ ಹುಡುಗ: ಸ್ವಲ್ಪ ಇತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?

ಮೈಸೂರಿನ ಸೊಸೆ: ನಮ್ಮವರಿಗೆ ದಾರ ಅಲ್ಲ, ಮುಂದೊಗಲಿನ ಅಂಚಿನ ಸುತ್ತ ಬ್ಲೇಡಿನಿಂದ ಗೀಚಿದ ಹಾಗೆ ಸೀಳು. ಮೂರು ಮುಲಾಮು ಬದಲಾಯಿಸಿದೆವು. ಕೊನೆಗೊಬ್ಬರು ಶುಗರ್ ನೋಡಿಸಿ ಅಂದರು, 280 ಇತ್ತು. ಒಂದು ವರ್ಷ ನನ್ನನ್ನೇ ತಪ್ಪು ಅಂದುಕೊಂಡಿದ್ದರು. ಶುಗರ್ ನೋಡಿಸಿ.

ಹಳ್ಳಿಮನೆ: ಕತ್ತರಿ ಯಾಕೆ? ನಾನು ತೆಂಗಿನೆಣ್ಣೆ ಹಚ್ಚಿ ದಿನಾ ಎಳೆದು ಸರಿ ಮಾಡಿಕೊಂಡೆ. ಕಾಂಡೋಮ್ ಹಾಕುವಾಗಲೂ ಅದೇ ಎಣ್ಣೆ.

ಓಟಿಯಲ್ಲಿ 11 ವರ್ಷ: ಜಾರಿಕೆ ಒಳ್ಳೆಯದೇ, ಎಣ್ಣೆ ಬೇಡ. ಲೇಟೆಕ್ಸ್ ಕಾಂಡೋಮ್ ಎಣ್ಣೆಗೆ ಹರಿಯುತ್ತೆ. ನೀರಿನ ಜೆಲ್ ತಗೊಳ್ಳಿ. ಹರಿದು ಕಲೆಯಾದ ದಾರವನ್ನು ಎಳೆದರೆ ಮತ್ತೆ ಹರಿಯುತ್ತೆ.

ಹಳ್ಳಿಮನೆ: ನನಗೆ ಹರಿದಿಲ್ವಲ್ಲ!

ತುಮಕೂರಿನವನು: ನಿಮಗೆ ಒಂದು ಸಲವೂ ರಕ್ತ ಬಂದಿಲ್ಲ ಅಂದರೆ ಇಲ್ಲಿ ಯಾಕೆ ಸಲಹೆ ಕೊಡ್ತೀರಿ ಸ್ವಾಮಿ? ಮೂರನೇ ಸಲ ಹರಿದಾಗ ನನ್ನ ಹೆಂಡತಿ ಎರಡು ತಿಂಗಳು ಹತ್ತಿರ ಬರೋಕೇ ಹೆದರಿದಳು.