ತಾಯಿ ಕಾರ್ಡ್ ಮಾಡಿಸುವಾಗ ಎಚ್‌ಐವಿ, ವಿಡಿಆರ್‌ಎಲ್, ಹೆಪಟೈಟಿಸ್ ಪರೀಕ್ಷೆ: ಮಾಡಿಸಿದವರು ಹೇಳಿ

ಕೇಳಿದವರು, ತಿಪಟೂರು

ನನಗೀಗ 11 ವಾರ. ತಾಯಿ ಕಾರ್ಡ್ ಮಾಡಿಸಲು ಹೋದಾಗ ಹಿಮೋಗ್ಲೋಬಿನ್, ಶುಗರ್ ಜೊತೆ ಎಚ್‌ಐವಿ, ಸಿಫಿಲಿಸ್ ಅನ್ನುವ ಲೈಂಗಿಕ ರೋಗಕ್ಕೆ ವಿಡಿಆರ್‌ಎಲ್, ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ ಅಂತ ಬರೆದುಕೊಟ್ಟರು. ಚೀಟಿ ನೋಡಿ ಅತ್ತೆ, "ನಾವೇನು ಅಂಥ ಮನೆಯವರಾ?" ಅಂದರು. ನಮ್ಮವರೂ ಮುಖ ಸಣ್ಣ ಮಾಡಿಕೊಂಡರು. ಇದನ್ನು ಎಲ್ಲರಿಗೂ ಬರೆಯುತ್ತಾರಾ, ನನಗೆ ಮಾತ್ರಾನಾ? ಮಾಡಿಸಿದವರು ಅನುಭವ ಹೇಳಿ.

ದಾವಣಗೆರೆ, ಇಬ್ಬರು ಮಕ್ಕಳ ತಾಯಿ

ಎಲ್ಲರಿಗೂ ಬರೆಯುತ್ತಾರೆ. ನನಗೂ ಬರೆದಿದ್ದರು, ನಾನೂ ಸಿಡುಕಿದ್ದೆ. ಮೊದಲೆರಡು ನೆಗೆಟಿವ್ ಬಂತು. ಹೆಪಟೈಟಿಸ್ ಬಿ ಮಾತ್ರ ಪಾಸಿಟಿವ್.

ಆಗ ನನಗೆ ಏನೂ ತೊಂದರೆ ಇರಲಿಲ್ಲ. ಜ್ವರ ಇಲ್ಲ, ಕಣ್ಣು ಹಳದಿ ಇಲ್ಲ, ಊಟ ಚೆನ್ನಾಗಿಯೇ ಸೇರುತ್ತಿತ್ತು. ಲಿವರ್ ಪರೀಕ್ಷೆ ಕೂಡ ಸರಿಯಾಗಿತ್ತು. ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡೆ. ಡಾಕ್ಟರು ನಮ್ಮ ಯಜಮಾನರಿಗೆ ಮಾಡಿಸಿದರು, ನೆಗೆಟಿವ್. ಆಮೇಲೆ "ನಿಮ್ಮ ತಾಯಿಗೂ ಒಮ್ಮೆ ಮಾಡಿಸಿ" ಅಂದರು. ಅಮ್ಮನಿಗೆ ಪಾಸಿಟಿವ್! ಐವತ್ತೆಂಟು ವರ್ಷ, ಅಲ್ಲಿಯವರೆಗೂ ಅವರಿಗೆ ಗೊತ್ತೇ ಇರಲಿಲ್ಲ. ನಾನು ಹುಟ್ಟುವಾಗಲೇ ನನಗೆ ಬಂದಿರಬೇಕು ಅಂದರು. ಅಂದರೆ ಮೂವತ್ತು ವರ್ಷ ಅದು ನನ್ನೊಳಗೆ ಸುಮ್ಮನೆ ಕೂತಿತ್ತು. ನಡತೆಗೂ ಇದಕ್ಕೂ ಏನು ಸಂಬಂಧ, ನೀವೇ ಹೇಳಿ.

ಆಮೇಲೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಮಾಡಿಸಿದರು. ಅದು ಮಿಲಿಲೀಟರಿಗೆ 2 ಲಕ್ಷ ಯೂನಿಟ್ ದಾಟಿದ್ದರೆ ಮಗುವಿಗೆ ಲಸಿಕೆ ಹಾಕಿದರೂ ವೈರಸ್ ಅಂಟುವ ಅಪಾಯ ಜಾಸ್ತಿಯಂತೆ. ನನ್ನದು ದಾಟಿತ್ತು. ಏಳನೇ ತಿಂಗಳಿಂದ ವೈರಸ್ ತಗ್ಗಿಸಲು ದಿನಕ್ಕೊಂದು ಟೆನೊಫೊವಿರ್ ಮಾತ್ರೆ ಕೊಟ್ಟರು.

ನಿಜವಾದ ಪರದಾಟ ಹೆರಿಗೆ ದಿನ. ಮಗುವಿಗೆ ಎರಡು ಇಂಜೆಕ್ಷನ್ ಬೇಕು. ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್. ಲಸಿಕೆ ಮಗುವಿನ ಮೈಗೆ ತಡೆಯುವುದನ್ನು ಕಲಿಸುತ್ತದೆ, ಅದಕ್ಕೆ ಸಮಯ ಬೇಕು. ಎರಡನೆಯದು ಸಿದ್ಧ ಪ್ರತಿಕಾಯ, ಅಲ್ಲಿಯವರೆಗೆ ಮಗುವನ್ನು ಕಾಪಾಡುತ್ತದೆ. ಇವೆರಡೂ 12 ಗಂಟೆಯೊಳಗೆ ಬಿದ್ದರೆ ಒಳ್ಳೆಯದು ಅಂತ ಮೊದಲೇ ಹೇಳಿದ್ದರು. ಮಗು ಹುಟ್ಟಿದ್ದು ರಾತ್ರಿ 9ಕ್ಕೆ. ಲಸಿಕೆ ಆಸ್ಪತ್ರೆಯಲ್ಲೇ ಇತ್ತು, ಇನ್ನೊಂದು ಇರಲಿಲ್ಲ. ನಮ್ಮವರು ಮೂರು ಮೆಡಿಕಲ್ ಶಾಪ್ ಸುತ್ತಿ, ಐಸ್ ಡಬ್ಬದಲ್ಲಿ ಇಟ್ಟುಕೊಂಡು ಬರುವಾಗ ಬೆಳಗಿನ ಜಾವ. ಎರಡನೇ ಹೆರಿಗೆಗೆ ಒಂದು ತಿಂಗಳು ಮೊದಲೇ ಕೇಳಿ ಎತ್ತಿಡಿಸಿದ್ದೆ.

ಎದೆಹಾಲು ಮೊದಲ ದಿನದಿಂದಲೇ ಕುಡಿಸಿದೆ. ಮಾಮೂಲಿ ಲಸಿಕೆಗಳು 6, 10, 14 ವಾರಕ್ಕೆ ಆದವು. ಮಗುವಿಗೆ 9 ತಿಂಗಳು ತುಂಬಿದ ಮೇಲೆ ರಕ್ತ ಪರೀಕ್ಷೆ. ವೈರಸ್ ಇಲ್ಲ, ತಡೆಯುವ ಶಕ್ತಿ ಬಂದಿದೆ ಅಂತ ಬರೆದುಕೊಟ್ಟರು. ಆ ಕಾಗದ ಈಗಲೂ ಬೀರುವಿನಲ್ಲಿದೆ.

ಚಿಕ್ಕನಾಯಕನಹಳ್ಳಿ

ಕಾಮಾಲೆ ಆಗಿದ್ದರೆ ಹೆದರಬೇಡಮ್ಮ. ನಮ್ಮ ಕಡೆ ನೆಲನೆಲ್ಲಿ ಬೇರು ಸಮೇತ ಅರೆದು ಮಜ್ಜಿಗೆಯಲ್ಲಿ ಮೂರು ದಿನ ಬೆಳಗ್ಗೆ ಕೊಡುತ್ತಾರೆ. ಉಪ್ಪು, ಎಣ್ಣೆ ಬಿಡಬೇಕು. ನಮ್ಮ ಅಣ್ಣನ ಮಗನಿಗೆ ವಾಸಿಯಾಯಿತು.

ದಾವಣಗೆರೆ, ಇಬ್ಬರು ಮಕ್ಕಳ ತಾಯಿ

ಅಣ್ಣಾ, ಅವರಿಗೆ ಕಾಮಾಲೆ ಆಗಿಲ್ಲ. ರಕ್ತ ಪರೀಕ್ಷೆ ಯಾಕೆ ಅಂತ ಕೇಳಿದ್ದಾರೆ ಅಷ್ಟೆ. ಬಸುರಿಗೆ ದಯವಿಟ್ಟು ಬೇರು ಅರೆದು ಕುಡಿಸಬೇಡಿ.

ಬೆಂಗಳೂರು, ಒಬ್ಬ ಗಂಡ

ನನ್ನ ಪ್ರಕಾರ ಇಷ್ಟೊಂದು ಬೇಕಿಲ್ಲ. ಮದುವೆಗೆ ಮುಂಚೆ ನಾವಿಬ್ಬರೂ ಎಚ್‌ಐವಿ ಮಾಡಿಸಿದ್ದೆವು, ನೆಗೆಟಿವ್. ಅದು ಹೋಗಿ ಪಾಸಿಟಿವ್ ಆಗುತ್ತದಾ? ನನ್ನ ಹೆಂಡತಿ ಹೆಪಟೈಟಿಸ್ ಬಿ ಲಸಿಕೆಯನ್ನೂ ಮೂರು ಸಲ ಹಾಕಿಸಿಕೊಂಡಿದ್ದಾಳೆ. ಆದರೂ ಆಸ್ಪತ್ರೆಯವರು ಬಿಡಲಿಲ್ಲ. ಎಚ್‌ಐವಿ ಕಡ್ಡಾಯವಂತೆ, ಬೇಡ ಅಂದರೆ ಹೆರಿಗೆಗೆ ಸೇರಿಸಿಕೊಳ್ಳುವುದಿಲ್ಲವಂತೆ. ಕಾನೂನೇ ಹಾಗಿದೆ.

ಲ್ಯಾಬ್ ಟೆಕ್ನಿಷಿಯನ್, 14 ವರ್ಷದಿಂದ

ಬೆಂಗಳೂರಿನವರೇ, ನಿಮ್ಮ ಮಾತಿನಲ್ಲಿ ಅರ್ಧ ಸರಿ. ಲಸಿಕೆ ಹಾಕಿಸಿಕೊಂಡವರಿಗೆ ಹೆಪಟೈಟಿಸ್ ಬಿ ಬರುವುದು ಬಹಳ ಕಡಿಮೆ, ನಿಜ. ಆದರೆ ಲಸಿಕೆಗೆ ಮೊದಲೇ ವೈರಸ್ ಒಳಗಿದ್ದರೆ ಲಸಿಕೆ ಅದನ್ನು ಓಡಿಸುವುದಿಲ್ಲ. ದಾವಣಗೆರೆ ಅಕ್ಕನಂತೆ ಹುಟ್ಟುವಾಗಲೇ ಬಂದಿದ್ದರೆ? ಈ ಲಸಿಕೆ ದೇಶದ ಎಲ್ಲ ಕಡೆ ಸರ್ಕಾರಿ ಪಟ್ಟಿಗೆ ಬಂದದ್ದು 2011ರ ಹೊತ್ತಿಗೆ. ಈಗ ಬಸುರಿಯಾಗುತ್ತಿರುವ ಹೆಚ್ಚಿನವರು ಅದಕ್ಕೂ ಮೊದಲು ಹುಟ್ಟಿದವರು. ಅಂದ ಹಾಗೆ, ಮೊನ್ನೆ ಮೊನ್ನೆ ಲಸಿಕೆ ಹಾಕಿಸಿಕೊಂಡಿದ್ದರೆ ಲ್ಯಾಬಿನವರಿಗೆ ಹೇಳಿ. ಕೆಲವು ದಿನ ಲಸಿಕೆಯದೇ ಅಂಶ ರಕ್ತದಲ್ಲಿ ಕಂಡು ಸುಳ್ಳು ಪಾಸಿಟಿವ್ ಬರಬಹುದು.

ಮದುವೆ ಹೊತ್ತಿನ ಎಚ್‌ಐವಿ ವರದಿ ಆ ದಿನದ ಮಾತು. ಪ್ರತಿ ಬಸಿರಿಗೂ ಹೊಸದಾಗಿ ನೋಡುತ್ತೇವೆ.

ಕಾನೂನಿನ ವಿಷಯ ಮಾತ್ರ ಉಲ್ಟಾ ಹೇಳಿದ್ದೀರಿ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ತಿಳಿಸಿ ಹೇಳಿ, ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು. ಚಿಕಿತ್ಸೆ ಕೊಡಬೇಕಾದರೆ ಮೊದಲು ಟೆಸ್ಟ್ ಮಾಡಿಸು ಅಂತ ಹಟ ಹಿಡಿಯುವಂತಿಲ್ಲ. ಎಲ್ಲ ಕಡೆ ಹಾಗೇ ನಡೆಯುತ್ತದಾ ಅಂದರೆ, ಇಲ್ಲ. ಒಂದು ಸೀಸೆ ರಕ್ತ ತೆಗೆದು ಎಲ್ಲವನ್ನೂ ಒಟ್ಟಿಗೆ ಟಿಕ್ ಮಾಡುವುದನ್ನು ನಾನೇ ನೋಡಿದ್ದೇನೆ.

ತಿಪಟೂರಿನ ತಂಗಿಗೆ: "ಅಂಥವರನ್ನು" ಆರಿಸಿ ಪರೀಕ್ಷೆ ಮಾಡುವ ಕ್ರಮ ಹಿಂದೆ ಇತ್ತು. ಅಮೆರಿಕದಲ್ಲಿ ಅಪಾಯ ಇದೆ ಅನ್ನಿಸಿದ ಬಸುರಿಯರಿಗೆ ಮಾತ್ರ ಹೆಪಟೈಟಿಸ್ ಬಿ ನೋಡುತ್ತಿದ್ದರು. ಸುಮಾರು ಅರ್ಧದಷ್ಟು ಪಾಸಿಟಿವ್ ತಾಯಂದಿರು ಕೈ ತಪ್ಪುತ್ತಿದ್ದರು. ಹಾಗಾಗಿ 1988ರಲ್ಲಿ ಎಲ್ಲರಿಗೂ ಮಾಡಿ ಅಂದರು. ಮುಖ ನೋಡಿ ಹೇಳುವ ಕಾಯಿಲೆ ಅಲ್ಲ ಇದು. ಎಲ್ಲರಿಗೂ ಬರೆದರೆ ಯಾರ ಮೇಲೂ ಅನುಮಾನ ಪಟ್ಟ ಹಾಗಾಗುವುದಿಲ್ಲ. ನಿಮ್ಮ ಅತ್ತೆಗೆ ಇಷ್ಟು ಹೇಳಿದರೆ ಸಾಕೇನೋ.

ಶಿವಮೊಗ್ಗ

ವಿಡಿಆರ್‌ಎಲ್ ಬಗ್ಗೆ ನನ್ನ ಕಥೆ ಕೇಳಿ. ವರದಿಯಲ್ಲಿ "ರಿಯಾಕ್ಟಿವ್ 1:2" ಅಂತ ಬಂತು. ಒಂದು ಆಸ್ಪತ್ರೆಯಲ್ಲಿ ಸಿಸ್ಟರ್ ಕಾರಿಡಾರಿನಲ್ಲೇ ಗಟ್ಟಿಯಾಗಿ, "ನಿಮಗೆ ಸಿಫಿಲಿಸ್ ಇದೆ, ಗಂಡನನ್ನು ಕರೆತನ್ನಿ" ಅಂದರು. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮನೆಯಲ್ಲಿ ನಾಲ್ಕು ದಿನ ಮಾತಿಲ್ಲ. ಐದನೇ ದಿನ ಟಿಪಿಎಚ್‌ಎ ಅಂತ ಇನ್ನೊಂದು ಮಾಡಿಸಿದರು, ನೆಗೆಟಿವ್. ತಿಂಗಳು ಬಿಟ್ಟು ಎರಡನ್ನೂ ಮತ್ತೆ ಮಾಡಿದಾಗ ಎರಡೂ ನೆಗೆಟಿವ್. ಹಾಗಾದರೆ ಮೊದಲನೆಯದು ಏನು?

ಲ್ಯಾಬ್ ಟೆಕ್ನಿಷಿಯನ್

ವಿಡಿಆರ್‌ಎಲ್ ರೋಗಾಣುವನ್ನು ಹುಡುಕುವ ಪರೀಕ್ಷೆ ಅಲ್ಲ. ಸಿಫಿಲಿಸ್‌ನಿಂದ ಜೀವಕೋಶ ಹಾಳಾದಾಗ ಮೈ ಒಂದು ಬಗೆಯ ಪ್ರತಿಕಾಯ ಮಾಡುತ್ತದೆ, ಅದನ್ನು ಹಿಡಿಯುತ್ತದೆ. ಬೇರೆ ಕಾರಣಕ್ಕೂ ಅದು ಹುಟ್ಟಬಹುದು. ಮಲೇರಿಯಾ, ಲೂಪಸ್, ಕೆಲವೊಮ್ಮೆ ಬರೀ ಬಸಿರು. ಟಿಪಿಎಚ್‌ಎ ಆ ರೋಗಾಣುವಿಗೇ ಹುಟ್ಟಿದ ಪ್ರತಿಕಾಯವನ್ನು ನೋಡುತ್ತದೆ. ನಿಮ್ಮದು ಸುಳ್ಳು ಪಾಸಿಟಿವ್. ಸಿಸ್ಟರ್ ಮಾಡಿದ್ದು ತಪ್ಪು.

ಆದರೆ ಇದನ್ನು ಓದಿ 1:2 ಅಂದರೆ ಕಡಿಮೆ ಮಟ್ಟ, ಏನೂ ಇಲ್ಲ ಅಂತ ಯಾರೂ ಸುಮ್ಮನಾಗಬೇಡಿ. ಹಳೆಯ, ಚಿಕಿತ್ಸೆ ಆಗದ ಸಿಫಿಲಿಸ್‌ನಲ್ಲೂ 1:2 ಬರಬಹುದು. ಅದಕ್ಕೇ ಎರಡನೇ ಪರೀಕ್ಷೆ. ಇನ್ನೊಂದು ತೊಡಕು: ಹಿಂದೆಂದೋ ಬಂದು ವಾಸಿಯಾದವರಿಗೂ ಟಿಪಿಎಚ್‌ಎ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುತ್ತದೆ. ಪಿಎಚ್‌ಸಿಯಲ್ಲಿ ಬೆರಳು ಚುಚ್ಚಿ ಮಾಡುವ ಕಾರ್ಡ್ ಟೆಸ್ಟ್ ಕೂಡ ಆ ಜಾತಿಯದೇ. ಹಳೆ ಚಿಕಿತ್ಸೆಯ ಚೀಟಿ ಇದ್ದರೆ ತೋರಿಸಿ.

ನಿಜವಾಗಿ ಇದ್ದರೆ ಮದ್ದು ಹಳೆಯದು, ಬೆಂಜಥಿನ್ ಪೆನಿಸಿಲಿನ್. 24 ಲಕ್ಷ ಯೂನಿಟ್, ಎರಡೂ ಪೃಷ್ಠಕ್ಕೆ ಅರ್ಧರ್ಧ. ಯಾವಾಗ ಬಂತೆಂದು ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು ವಾರ. ನೋವಾಗುತ್ತದೆ, ಆ ರಾತ್ರಿ ಜ್ವರವೂ ಬರಬಹುದು. ಹೆರಿಗೆಗೆ ಕನಿಷ್ಠ ಒಂದು ತಿಂಗಳ ಮೊದಲು ಚಿಕಿತ್ಸೆ ಶುರುವಾಗಿರಬೇಕು, ಇಲ್ಲದಿದ್ದರೆ ಮಗುವಿಗೆ ಪೂರ್ತಿ ಆಗಿದೆ ಅಂತ ಲೆಕ್ಕ ಹಾಕುವುದಿಲ್ಲ. ಬಿಟ್ಟರೆ ಮಗು ಹೊಟ್ಟೆಯಲ್ಲೇ ಹೋಗಬಹುದು. ಮೂರನೇ ತಿಂಗಳಲ್ಲೇ ರಕ್ತ ಕೊಡಿ ಅನ್ನುವುದು ಈ ಲೆಕ್ಕಕ್ಕೆ. ಗಂಡನಿಗೂ ಚಿಕಿತ್ಸೆ ಆಗದಿದ್ದರೆ ಮತ್ತೆ ಬರುತ್ತದೆ.

ಎಚ್‌ಐವಿಯಲ್ಲೂ ಒಂದೇ ಪಾಸಿಟಿವ್‌ಗೆ ಹೆಸರಿಡುವುದಿಲ್ಲ. ಐಸಿಟಿಸಿ ಅನ್ನುವ ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಮೂರು ಬೇರೆ ಬೇರೆ ಕಿಟ್‌ನಲ್ಲಿ ನೋಡಿ, ಮೂರೂ ಒಪ್ಪಿದ ಮೇಲೆಯೇ ಹೇಳುತ್ತಾರೆ.

ಹೆಸರು ಬೇಡ

ನನಗೆ ಮೂರೂ ಒಪ್ಪಿದವು. ಐದನೇ ತಿಂಗಳು. ಅಂದಿನಿಂದ ಮಾತ್ರೆ, ದಿನಕ್ಕೊಂದು, ಒಂದು ದಿನವೂ ಬಿಟ್ಟಿಲ್ಲ. ಮಗುವಿಗೆ ಆರು ವಾರ ಸಿರಪ್ ಕೊಟ್ಟೆ. ಕೊನೆಯ ಪರೀಕ್ಷೆ 18 ತಿಂಗಳಿಗೆ. ನನ್ನ ಪ್ರತಿಕಾಯವೇ ಮಗುವಿನ ರಕ್ತದಲ್ಲಿ ಅಲ್ಲಿಯವರೆಗೆ ಉಳಿಯಬಹುದಂತೆ, ಅದಕ್ಕೆ ಅಷ್ಟು ಕಾಯಿಸಿದರು. ನೆಗೆಟಿವ್. ಈಗ ಅಂಗನವಾಡಿಗೆ ಹೋಗುತ್ತಾನೆ. ನಮ್ಮ ಮನೆಯಲ್ಲಿ ಗಂಡನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಇಷ್ಟೇ ಬರೆಯುತ್ತೇನೆ.

ಇಂಗ್ಲೆಂಡಿನ ಲೆಸ್ಟರ್, ಮೂಲ ಮೈಸೂರು

ಇಲ್ಲೂ ಇವೇ ಮೂರು. ಮಿಡ್‌ವೈಫ್ ಮೊದಲ ಭೇಟಿಯಲ್ಲೇ ವಿವರಿಸಿ "ಬೇಕಾ?" ಅಂತ ಕೇಳಿದರು. ಬೇಡ ಅನ್ನಬಹುದು. ಅಂದವರನ್ನು 20 ವಾರದೊಳಗೆ ಇನ್ನೊಮ್ಮೆ ಕೂರಿಸಿ ಮಾತಾಡುತ್ತಾರೆ. ನಮ್ಮ ಅತ್ತೆ ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿ, "ಬಿಳಿಯರಿಗೂ ಮಾಡ್ತಾರಾ?" ಅಂದರು. ಹೂಂ ಅಂದ ಮೇಲೆ ಸಮಾಧಾನ!

ಕೇಳಿದವರು, ತಿಪಟೂರು

ಇವತ್ತು ರಕ್ತ ಕೊಟ್ಟು ಬಂದೆ. ನಮ್ಮವರೂ ಕೊಟ್ಟರು, ನಾನು ಕೇಳದೆಯೇ. ಈಗ ಇನ್ನೊಂದು ಪೇಚಾಟ. ಗುರುವಾರ ಪೇಟೆಗೆ ಹೋಗುವಾಗ ವರದಿ ನಾನೇ ತರುತ್ತೇನೆ ಅಂತ ಅತ್ತೆ ಹೊರಟಿದ್ದಾರೆ.

ಲ್ಯಾಬ್ ಟೆಕ್ನಿಷಿಯನ್

ಎಚ್‌ಐವಿ ವರದಿಯನ್ನು ಬೇರೆಯವರ ಕೈಗೆ ಕೊಡುವಂತಿಲ್ಲ. ಉಳಿದವನ್ನು ಕೊಟ್ಟುಬಿಟ್ಟಾರು. ನೀವೇ ಹೋಗಿ.

ದಾವಣಗೆರೆ, ಇಬ್ಬರು ಮಕ್ಕಳ ತಾಯಿ

ನಾನಾಗಿದ್ದರೆ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಸಾಲಿನಲ್ಲಿ ನಿಂತಿರುವವರನ್ನು ಒಮ್ಮೆ ನೋಡಲಿ. ಒಳಗೆ ಮಾತ್ರ ನೀವೊಬ್ಬರೇ ಹೋಗಿ.

ಶಿವಮೊಗ್ಗ

ಬೇಡ ಅಕ್ಕ. ಕಾರಿಡಾರಿನಲ್ಲಿ ಕೂಗಿದರೆ ಏನು ಮಾಡುತ್ತೀರಿ? ಒಬ್ಬರೇ ಹೋಗಿ.