ಗುರುವಾರ ಬಂದರೆ ಕೆಡುವ ವೇಳಾಪಟ್ಟಿ

ಪ್ರಶ್ನೆ: ಸಹಶಿಕ್ಷಕ, ಸುರಪುರ ತಾಲ್ಲೂಕು

ನಮ್ಮದು ಸರ್ಕಾರಿ ಪ್ರೌಢಶಾಲೆ. ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆ ತಲಾ ಎರಡು ವಿಭಾಗ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 7 ಅವಧಿ, ಶನಿವಾರ 4. ಹಿಂದಿಗೆ ವಾರಕ್ಕೆ 5 ಅವಧಿ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ ತಲಾ 6. ಸಮಾಜ ವಿಜ್ಞಾನದ ಇಬ್ಬರಲ್ಲಿ ಒಬ್ಬರು ನಿಯೋಜನೆಯ ಮೇಲೆ ಗುರುವಾರ, ಶುಕ್ರವಾರ, ಶನಿವಾರ ಮಾತ್ರ ಬರುತ್ತಾರೆ. ಅವರಿಗೆ 9ಬಿ, 10ಎ, 10ಬಿ ಕೊಟ್ಟಿದ್ದೇನೆ. ಒಂದು ವಿಷಯ ದಿನಕ್ಕೆ ಎರಡು ಸಲ ಬರಬಾರದು, ಗಣಿತ ಮತ್ತು ವಿಜ್ಞಾನ ಬೆನ್ನುಬೆನ್ನಿಗೆ ಬರಬಾರದು, ಗಣಿತವೆಲ್ಲ ಊಟದ ಬಿಡುವಿಗೆ ಮೊದಲೇ ಮುಗಿಯಬೇಕು ಎಂಬುದು ಮುಖ್ಯ ಗುರುಗಳ ಸೂಚನೆ. ಪ್ರಯೋಗಾಲಯವೂ ಸ್ಮಾರ್ಟ್ ಕ್ಲಾಸ್ ಕೊಠಡಿಯೂ ಒಂದೇ. ಎಷ್ಟು ಅದಲುಬದಲು ಮಾಡಿದರೂ ಗುರುವಾರ ಯಾರಾದರೊಬ್ಬರು ಎರಡು ತರಗತಿಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನಿವೃತ್ತ ಮುಖ್ಯ ಶಿಕ್ಷಕ, ಕಲಬುರಗಿ

ಅದಲುಬದಲು ನಿಲ್ಲಿಸಿ. ನಿಮ್ಮ ಪಟ್ಟಿ ಕೂಡುವಂಥದ್ದೇ ಅಲ್ಲ. ಮನೆಗಳಲ್ಲಿ ಹೆಸರು ತುಂಬುವ ಮೊದಲು ಒಂದು ಕಾಗದದ ಮೇಲೆ ಕೂಡಿ ಕಳೆದು ನೋಡಿದ್ದರೆ ಅದು ಅಲ್ಲಿಯೇ ಗೊತ್ತಾಗುತ್ತಿತ್ತು.

ನಿಯೋಜನೆಯ ಶಿಕ್ಷಕರನ್ನೇ ನೋಡಿ. ಅವರು ಶಾಲೆಯಲ್ಲಿರುವುದು 7, 7, 4, ಒಟ್ಟು 18 ಅವಧಿ. ನೀವು ಕೊಟ್ಟ ಕೆಲಸವೂ ಮೂರು ವಿಭಾಗಕ್ಕೆ ಆರರಂತೆ 18. ಮೇಲ್ನೋಟಕ್ಕೆ ಸರಿಹೊಂದಿತು. ಆದರೆ ಮೂರೇ ದಿನದಲ್ಲಿ ಆರು ಪಾಠ ಆಗಬೇಕಾದರೆ ಪ್ರತಿ ವಿಭಾಗಕ್ಕೆ ದಿನಕ್ಕೆ ಸರಾಸರಿ ಎರಡು ಬರಲೇಬೇಕು, ನಿಮ್ಮ ನಿಯಮವೋ ಒಂದಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ. ಸಾಲದ್ದಕ್ಕೆ ಆ ಮೂರು ದಿನ ಅವರಿಗೆ ಒಂದು ಅವಧಿಯೂ ಬಿಡುವಿಲ್ಲ. ಹಾಗಾಗಿ ಬೇರೆ ಯಾರನ್ನು ಸರಿಸಿದರೂ ಅವರಿಗೆ ಡಿಕ್ಕಿ ಹೊಡೆಯುತ್ತದೆ. ಗುರುವಾರದ ಗುಟ್ಟು ಇಷ್ಟೇ.

ಇನ್ನೊಂದು ತೊಡಕು ಶನಿವಾರದ್ದು. ವಾರಕ್ಕೆ 6 ಅವಧಿಯ ವಿಷಯ ದಿನಕ್ಕೆ ಒಂದೇ ಸಲ ಬರಬೇಕೆಂದರೆ ಶನಿವಾರವೂ ಬರಬೇಕು. ಅಂಥ ವಿಷಯಗಳು ಐದು, ಶನಿವಾರದ ಅವಧಿಗಳು ನಾಲ್ಕು. ಆದ್ದರಿಂದ ಯಾವುದಾದರೂ ಒಂದು ವಿಷಯವನ್ನು ವಾರದ ನಡುವೆ ಒಂದು ದಿನ ಜೋಡಿ ಅವಧಿ ಮಾಡಲೇಬೇಕು. ಅದು ವಿಜ್ಞಾನವಾಗಲಿ. ಪ್ರಯೋಗಕ್ಕೆ ಹೇಗಿದ್ದರೂ ಒಂದು ಅವಧಿ ಸಾಲುವುದಿಲ್ಲ. ಉಪಕರಣ ಹೊರಗೆ ತೆಗೆಯುವುದರಲ್ಲಿಯೇ ಅರ್ಧ ಹೊತ್ತು ಕಳೆಯುತ್ತದೆ. ಆರು ವಿಭಾಗಕ್ಕೆ ಆರು ಜೋಡಿ, ಅಂದರೆ ಪ್ರಯೋಗಾಲಯ ವಾರಕ್ಕೆ 12 ಅವಧಿ ಮೀಸಲು. ಉಳಿದದ್ದು ಸ್ಮಾರ್ಟ್ ಕ್ಲಾಸಿಗೆ. ಜೋಡಿಯ ನಡುವೆ ಬಿಡುವಾಗಲಿ ಊಟವಾಗಲಿ ಬರದಂತೆ ನೋಡಿಕೊಳ್ಳಿ, ಅದರ ಹಿಂದೆ ಮುಂದೆ ಗಣಿತ ಇಡಬೇಡಿ.

ಈಗ ಸಮಾಜ ವಿಜ್ಞಾನ. ವಿಭಾಗಗಳನ್ನು ಹಂಚುವ ಬದಲು ಪಠ್ಯವನ್ನೇ ಹಂಚಿ. ಒಂಬತ್ತು ಮತ್ತು ಹತ್ತರ ನಾಲ್ಕೂ ವಿಭಾಗಗಳಿಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರವನ್ನು ಕಾಯಂ ಶಿಕ್ಷಕರು ಸೋಮವಾರದಿಂದ ಬುಧವಾರದವರೆಗೆ ದಿನಕ್ಕೊಂದರಂತೆ ಹೇಳಲಿ. ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನವನ್ನು ನಿಯೋಜನೆಯವರು ಉಳಿದ ಮೂರು ದಿನ ನೋಡಿಕೊಳ್ಳಲಿ. ಅವರಿಗೆ ದಿನಕ್ಕೆ ನಾಲ್ಕೇ ಪಾಠ, ಶನಿವಾರ ಮಾತ್ರ ಬಿಡುವಿಲ್ಲ. ಎಂಟನೇ ತರಗತಿ ಪೂರ್ತಿ ಕಾಯಂ ಶಿಕ್ಷಕರಿಗೆ. ಮಕ್ಕಳಿಗೆ ದಿನಕ್ಕೊಂದು ಪಾಠ, ನಿಯಮವೂ ಉಳಿಯಿತು.

ಮನೆ ತುಂಬುವಾಗ ಕೈಕಾಲು ಕಟ್ಟಿಸಿಕೊಂಡವರು ಮೊದಲು: ನಿಯೋಜನೆಯವರು, ಪ್ರಯೋಗಾಲಯದ ಜೋಡಿಗಳು, ಆಮೇಲೆ ಹಿಂದಿ ಮೇಡಂ. ಆರೂ ವಿಭಾಗ ಅವರೊಬ್ಬರದೇ ಆಗಿದ್ದರೆ 39ರಲ್ಲಿ 30 ಅವಧಿ ಅವರು ತರಗತಿಯಲ್ಲಿಯೇ ಇರುತ್ತಾರೆ. ಇಬ್ಬಿಬ್ಬರು ಶಿಕ್ಷಕರಿರುವ ವಿಷಯ ಕೊನೆಗೆ. ಬಹಳ ಜನ ಇದನ್ನು ತಿರುವುಮುರುವಾಗಿ ಮಾಡುತ್ತಾರೆ, ಕನ್ನಡದಿಂದ ಶುರು ಮಾಡಿ ಹಿಂದಿಯ ಹೊತ್ತಿಗೆ ತಲೆ ಕೆರೆದುಕೊಳ್ಳುತ್ತಾರೆ.

ಗಣಿತ ಶಿಕ್ಷಕಿ, ಸೇಡಂ

ಗುರುಗಳೇ, ಗಣಿತವನ್ನು ಎಲ್ಲರಿಗೂ ಮೊದಲ ಅವಧಿಗೇ ಇಟ್ಟುಬಿಟ್ಟರೆ ವಿಜ್ಞಾನದ ಪಕ್ಕ ಬರುವ ತಾಪತ್ರಯವೇ ಇರುವುದಿಲ್ಲ. ವಿಜ್ಞಾನ ಊಟದ ನಂತರ ಇರಲಿ.

ನಿವೃತ್ತ ಮುಖ್ಯ ಶಿಕ್ಷಕ

ಎರಡರ ನಡುವೆ ಊಟದ ಬಿಡುವು ಬರಲಿ ಎಂಬ ಮಾತು ಒಳ್ಳೆಯದೇ ಮೇಡಂ. ಆದರೆ ಒಬ್ಬ ಶಿಕ್ಷಕರಿಗೆ ವಾರದಲ್ಲಿ ಮೊದಲ ಅವಧಿ ಇರುವುದೇ ಆರು. ಒಂಬತ್ತು, ಹತ್ತರ ನಾಲ್ಕು ವಿಭಾಗ ಒಬ್ಬರದೇ ಆದರೆ ಪಾಠಗಳು 24. ಊಟಕ್ಕೆ ಮುಂಚಿನ ಅವಧಿಗಳೂ ಐದು ದಿನ ನಾಲ್ಕರಂತೆ, ಶನಿವಾರದ ನಾಲ್ಕು ಸೇರಿ 24. ಮುಖ್ಯ ಗುರುಗಳ ಸೂಚನೆಯಂತೆ ಕೂಡಿಸಬಹುದು, ಆದರೆ ಆ ಮನುಷ್ಯ ಪ್ರತಿದಿನ ಬೆಳಿಗ್ಗೆ ನಾಲ್ಕು ಅವಧಿ ಒಂದೇ ಸಮನೆ ನಿಂತು ಪಾಠ ಮಾಡಬೇಕು. ನಾನಾಗಿದ್ದರೆ ಹತ್ತನೇ ತರಗತಿಯ 12 ಪಾಠ ಬೆಳಿಗ್ಗೆ ಇಟ್ಟು, ಒಂಬತ್ತರ ಕೆಲವನ್ನು ಐದು, ಆರನೇ ಅವಧಿಗೆ ತಳ್ಳುತ್ತಿದ್ದೆ. ಮೊದಲ ಅವಧಿ 10ಎ, 10ಬಿಗೆ ಎರಡೆರಡು, 9ಎ, 9ಬಿಗೆ ಒಂದೊಂದು. ತಗಡಿನ ಸೂರಿನ ಕೊಠಡಿಯಲ್ಲಿ ಕೂರುವ ವಿಭಾಗಕ್ಕೆ ಮಾತ್ರ ಏಳನೇ ಅವಧಿಯ ಗಣಿತ ಬೇಡವೇ ಬೇಡ. ನಮ್ಮ ಕಡೆಯ ಮಾರ್ಚ್ ಬಿಸಿಲು ಗೊತ್ತಲ್ಲ.

ಸಂಯೋಜಕಿ, ಖಾಸಗಿ ಶಾಲೆ, ಬೀದರ್

ನಮ್ಮಲ್ಲೂ ಇದೇ ಗೋಳು. ಇಬ್ಬರು ಶಿಕ್ಷಕರು ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುತ್ತಾರೆ, ಅವರ ತರಗತಿಗೆ ಪ್ರತಿ ವಾರ ಬದಲಿ ಹುಡುಕುವುದೇ ನನ್ನ ಕೆಲಸವಾಗಿದೆ. ಬದಲಿಯವರ ಪಟ್ಟಿ ಹೇಗೆ ಮಾಡುತ್ತೀರಿ?

ನಿವೃತ್ತ ಮುಖ್ಯ ಶಿಕ್ಷಕ

ಪ್ರತಿ ಶುಕ್ರವಾರ ಬರುವುದಕ್ಕೆ ಬದಲಿ ಏಕೆ ಮೇಡಂ? ಆ ಅವಧಿಗೆ ಅವರ ಹೆಸರಿನ ಮುಂದೆ ಮೊದಲೇ ಅಡ್ಡಗೆರೆ ಎಳೆದು ಪಟ್ಟಿ ಶುರು ಮಾಡಿ. ಬದಲಿ ವ್ಯವಸ್ಥೆ ಅನಿರೀಕ್ಷಿತ ರಜೆಗೆ. ಅದು ಬೇರೆ ಪ್ರಶ್ನೆ, ಬೇರೆಯಾಗಿ ಕೇಳಿ.

ಕಂಪ್ಯೂಟರ್ ಶಿಕ್ಷಕ, ಶಹಾಪುರ

ಸರ್, ಕಣ್ಣಿನಲ್ಲಿ ಹುಡುಕುತ್ತಾ ಕೂರಬೇಡಿ. ಎಕ್ಸೆಲ್‌ನಲ್ಲಿ ಆರು ವಿಭಾಗ 2ರಿಂದ 7ನೇ ಸಾಲಿಗೆ, ವಾರದ 39 ಅವಧಿ B ಇಂದ AN ಕಂಬಕ್ಕೆ. ಮನೆಯಲ್ಲಿ ವಿಷಯದ ಹೆಸರಲ್ಲ, ಶಿಕ್ಷಕರ ಸಂಕೇತ ಬರೆಯಿರಿ. B2:AN7 ಆಯ್ಕೆ ಮಾಡಿ Conditional Formatting ಸೂತ್ರವಾಗಿ ಇದನ್ನು ಕೊಡಿ:

```
=AND(B2<>"",COUNTIF(B$2:B$7,B2)>1)
```

ಒಬ್ಬರೇ ಒಂದೇ ಅವಧಿಯಲ್ಲಿ ಎರಡು ಕಡೆ ಇದ್ದರೆ ಎರಡೂ ಮನೆ ಕೆಂಪಾಗುತ್ತವೆ. ಕೊಠಡಿಗೂ ಕೆಳಗೆ 10ರಿಂದ 15ನೇ ಸಾಲಿನಲ್ಲಿ ಇನ್ನೊಂದು ಕೋಷ್ಟಕ ಮಾಡಿ, ತರಗತಿ ತನ್ನ ಕೊಠಡಿ ಬಿಟ್ಟು ಹೋಗುವಾಗ ಮಾತ್ರ ಹೋಗುವ ಕೊಠಡಿಯ ಸಂಕೇತ ಬರೆಯಿರಿ, ಸೂತ್ರದ ಸಾಲುಗಳನ್ನು ಬದಲಿಸಿ. ಎಚ್ಚರ: ಸಂಕೇತದ ಕೊನೆಗೆ ಒಂದು ಖಾಲಿ ಜಾಗ ಸೇರಿಕೊಂಡರೂ ಅದನ್ನು ಬೇರೆ ಶಿಕ್ಷಕರೆಂದು ಎಣಿಸಿ ಘರ್ಷಣೆ ತೋರಿಸುವುದಿಲ್ಲ. ಎರಡು ವಿಭಾಗ ಸೇರಿಸಿ ಆಟಕ್ಕೆ ಬಿಟ್ಟಾಗಲೂ ಕೆಂಪಾಗುತ್ತದೆ, ಅದು ತಪ್ಪಲ್ಲ.

ಸಹಶಿಕ್ಷಕ, ಸುರಪುರ ತಾಲ್ಲೂಕು

ಗುರುಗಳೇ, ನೀವು ಹೇಳಿದಂತೆ ಹಾಕಿ ನೋಡಿದೆ. ಗುರುವಾರ ಕೆಂಪು ಹೋಯಿತು. ಆದರೆ ಕಾಯಂ ಶಿಕ್ಷಕರಿಗೆ ಸೋಮವಾರ, ಮಂಗಳವಾರ, ಬುಧವಾರ 7ರಲ್ಲಿ 6 ಅವಧಿ ಬಿದ್ದಿದೆ, ಉಳಿದ ಮೂರು ದಿನ ಎರಡೆರಡೇ. ಅವರು ಒಪ್ಪುತ್ತಿಲ್ಲ. ಜೊತೆಗೆ, ಒಂದೇ ವಿಷಯಕ್ಕೆ ಇಬ್ಬರಾದರೆ ರೂಪಣಾತ್ಮಕ ಮೌಲ್ಯಮಾಪನದ ಅಂಕ ಯಾರು ಹಾಕಬೇಕು, ಹತ್ತನೇ ತರಗತಿಯ ಫಲಿತಾಂಶ ಕುಸಿದರೆ ಯಾರು ಉತ್ತರ ಹೇಳಬೇಕು ಎಂದು ಇಬ್ಬರೂ ಕೇಳುತ್ತಿದ್ದಾರೆ.

ನಿವೃತ್ತ ಮುಖ್ಯ ಶಿಕ್ಷಕ

ಒಪ್ಪದಿರುವುದು ನ್ಯಾಯವೇ. ಎಂಟನೇ ತರಗತಿಯ ಎರಡೂ ವಿಭಾಗದ ಮಂಗಳವಾರದ ಪಾಠ ತೆಗೆದು ಗುರುವಾರ ಜೋಡಿ ಅವಧಿ ಮಾಡಿ, ನಕ್ಷೆಯ ಕೆಲಸಕ್ಕೆ ಒದಗುತ್ತದೆ. ಮಂಗಳವಾರ ಆರು ನಾಲ್ಕಾಗುತ್ತದೆ, ಗುರುವಾರ ಎರಡು ನಾಲ್ಕಾಗುತ್ತದೆ. ಸೋಮವಾರ, ಬುಧವಾರದ ಆರು ಹಾಗೆಯೇ ಉಳಿಯುತ್ತವೆ. ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಅಂಕಗಳ ವಿಚಾರದಲ್ಲಿ, ಇಬ್ಬರೂ ತಮ್ಮ ಭಾಗಕ್ಕೆ ಬೇರೆ ಬೇರೆ ಹಾಕಿ ಕಾಯಂ ಶಿಕ್ಷಕರು ಕ್ರೋಡೀಕರಿಸಲಿ ಎನ್ನುತ್ತೇನೆ.

ಗಣಿತ ಶಿಕ್ಷಕಿ, ಸೇಡಂ

ಕ್ರೋಡೀಕರಿಸಿದವರ ಸಹಿ ಇದ್ದರೆ ನೋಟಿಸ್ ಬರುವುದೂ ಅವರಿಗೇ, ಗುರುಗಳೇ. ನಾನಾದರೆ ಮುಖ್ಯ ಗುರುಗಳಿಂದ ಹಂಚಿಕೆಯನ್ನು ಬರೆಸಿಕೊಳ್ಳದೆ ಒಪ್ಪುವುದಿಲ್ಲ.