ಏಳು ತಿಂಗಳ ಹಿಂದಿನ ಕುಚ್ಚಿನ ಆರ್ಡರ್ ಈಗ ಕಣ್ಣಿಗೆ ಬಿತ್ತು

ಮೈಸೂರು, ಸೀರೆಗೆ ಕುಚ್ಚು ಹಾಕುವವರು ಕೇಳಿದ್ದು

ಮನೆಯಲ್ಲೇ ಸೀರೆಗೆ ಕುಚ್ಚು ಹಾಕಿಕೊಡುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕಿದರೂ ಯಾರೂ ಕೇಳುವುದಿಲ್ಲವಲ್ಲ ಎಂದು ಬೇಸರವಾಗಿತ್ತು. ಮೊನ್ನೆ ತಂಗಿ ನನ್ನ ಫೋನಿನಲ್ಲಿ Requests ಎಂಬುದನ್ನು ಒತ್ತಿದಳು. ಅಲ್ಲಿ ಹನ್ನೊಂದು ಜನ ಬರೆದಿದ್ದಾರೆ! ಎಲ್ಲಕ್ಕಿಂತ ಹಳೆಯದು ಏಳು ತಿಂಗಳ ಹಿಂದಿನದು, ಮದುವೆಗೆ ಆರು ಸೀರೆ ಇದೆ ಎಂದು. ಹೀಗೆ ಇನ್ನೆಲ್ಲಿ ಅಡಗಿರುತ್ತವೆ? ತೆರೆದರೆ ಅವರಿಗೆ ಗೊತ್ತಾಗುತ್ತದೆಯೇ? ಇಷ್ಟು ತಡವಾಗಿ ಉತ್ತರ ಕೊಡಬಹುದೇ?

ಸರಸ್ವತಿಪುರಂ, ಪದವಿ ವಿದ್ಯಾರ್ಥಿ

ಅಕ್ಕ, ನಿಮ್ಮದು ಮಾಮೂಲಿ ಖಾತೆ ಇರಬೇಕು. ಅದನ್ನು ವ್ಯಾಪಾರದ ಖಾತೆಗೆ ಬದಲಾಯಿಸಿ, ಹಣವೇನೂ ಕೊಡಬೇಕಾಗಿಲ್ಲ. ಆಗ ಸಂದೇಶಗಳಿಗೆ Primary, General ಎಂದು ಬೇರೆ ಬೇರೆ ಕಡೆ ಸಿಗುತ್ತದೆ. ಆಮೇಲೆ ಈ Requests ತೊಂದರೆಯೇ ಇರುವುದಿಲ್ಲ.

ಕುವೆಂಪುನಗರ, ಸಣ್ಣ ಅಂಗಡಿಗಳ ಖಾತೆ ನೋಡಿಕೊಳ್ಳುವವನು

ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ. Primary, General ಬರುವುದು ನಿಜ. ಆದರೆ ಅವು ನೀವು ಒಪ್ಪಿಕೊಂಡ ಮಾತುಕತೆಗಳನ್ನು ವಿಂಗಡಿಸಿಡುವುದಕ್ಕೆ ಮಾತ್ರ. ನೀವು ಫಾಲೋ ಮಾಡದವರು ಮೊದಲ ಸಲ ಬರೆದರೆ ಅದು ವ್ಯಾಪಾರದ ಖಾತೆಯಲ್ಲೂ Requests ಒಳಗೇ ಹೋಗಿ ಕೂರುತ್ತದೆ. ಗಿರಾಕಿ ಎಂದರೆ ಹೆಚ್ಚಾಗಿ ಇಂಥವರೇ ತಾನೇ?

ನಿಮ್ಮ ತಂಗಿ ತೆರೆದದ್ದು ಹೊರಗಿನ ಕೋಣೆ. ಅದರೊಳಗೆ ಇನ್ನೊಂದು ಕೋಣೆ ಇದೆ. Requests ಪಟ್ಟಿಯಲ್ಲೇ Hidden Requests ಎಂಬ ಸಾಲು ಇರುತ್ತದೆ, ಅದನ್ನು ಒತ್ತಿ ನೋಡಿ. ಬೈಗುಳ ಅಥವಾ ಮೋಸದ ಸಂದೇಶವಿರಬಹುದು ಎಂದು ಆ್ಯಪ್ ಅನುಮಾನಿಸಿದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಅಲ್ಲಿಗೆ ಬಂದದ್ದಕ್ಕೆ ಫೋನ್ ಸದ್ದು ಮಾಡುವುದಿಲ್ಲ. ನಾವೇ ಹೋಗಿ ನೋಡಬೇಕು.

ಮದ್ದೂರು ಕಡೆಯ ಬೆಲ್ಲದ ವ್ಯಾಪಾರಿಯೊಬ್ಬರ ಖಾತೆ ನಾನು ನೋಡಿಕೊಳ್ಳುತ್ತೇನೆ. ಆಲೆಮನೆಯ ವಿಡಿಯೊಗಳನ್ನು ಸಾವಿರಾರು ಜನ ನೋಡುತ್ತಿದ್ದರೂ ವಿಚಾರಿಸುವವರು ತೀರಾ ಕಡಿಮೆ. Hidden Requests ತೆರೆದಾಗ ಸಂದೇಶಗಳು ರಾಶಿ ಬಿದ್ದಿದ್ದವು. ಓದಿದರೆ ಒಂದರಲ್ಲೂ ಬೈಗುಳವಿಲ್ಲ, ಎಲ್ಲರೂ ಅಚ್ಚು ಬೆಲ್ಲದ ದರ ಕೇಳಿದವರು. ಇವು ಯಾಕೆ ಇಲ್ಲಿಗೆ ಬಂದವು ಎಂದು ಅರ್ಧ ದಿನ ತಲೆ ಕೆಡಿಸಿಕೊಂಡೆ. ನಾನು ಅವರ ಖಾತೆಗೆ "ಅಚ್ಚು ಬೆಲ್ಲ ಇದೆಯೇ" ಎಂದು ಬರೆದೆ. ನನ್ನ ಹೆಂಡತಿ ತನ್ನ ಖಾತೆಯಿಂದ "ಬೆಲ್ಲದ rate ಎಷ್ಟು" ಎಂದು ಬರೆದಳು. ನನ್ನದು Requests ಪಟ್ಟಿಯಲ್ಲಿ ಕಾಣಿಸಿತು, ಅವಳದು ಒಳಗಿನ ಕೋಣೆಗೆ ಹೋಯಿತು. ಆಗ ಸೆಟ್ಟಿಂಗ್ಸ್‌ನಲ್ಲಿ Hidden Words ತೆರೆದು ನೋಡಿದೆ. ಹಿಂದೊಮ್ಮೆ ಸಾಲ ಕೊಡುತ್ತೇವೆ, ಬಡ್ಡಿ ಕಡಿಮೆ ಎಂದು ಪೀಡಿಸುವವರ ಕಾಟ ತಾಳಲಾರದೆ ವ್ಯಾಪಾರಿಯೇ loan, offer, rate ಎಂಬ ಮೂರು ಪದಗಳನ್ನು ಅಲ್ಲಿ ಸೇರಿಸಿಟ್ಟು ಮರೆತಿದ್ದರು. ಬಡ್ಡಿಯ rate ತಡೆಯಲು ಹೋಗಿ ಬೆಲ್ಲದ rate ಕೇಳಿದವರೂ ಮುಚ್ಚಿಹೋಗಿದ್ದರು. ಆ ಪದ ತೆಗೆದ ಮೇಲೆ ಹೊಸದಾಗಿ ದರ ಕೇಳಿದವರು ಹೊರಗಿನ ಪಟ್ಟಿಯಲ್ಲೇ ಕಾಣಿಸತೊಡಗಿದರು. ಹಳೆಯವು ಇದ್ದಲ್ಲೇ ಇದ್ದವು, ಒಂದೊಂದಾಗಿ ತೆರೆದು ನೋಡಬೇಕಾಯಿತು. ನಿಮ್ಮ Hidden Words ಪಟ್ಟಿಯನ್ನೂ ಒಮ್ಮೆ ನೋಡಿ. ಅದು ಖಾಲಿಯಿದ್ದರೂ ಆ್ಯಪ್ ತನ್ನದೇ ಲೆಕ್ಕದಲ್ಲಿ ಕೆಲವನ್ನು ಮುಚ್ಚಿಡುತ್ತದೆ, ಆದ್ದರಿಂದ ಒಳಗಿನ ಕೋಣೆ ನೋಡುವುದು ತಪ್ಪುವುದಿಲ್ಲ. ನಾನು ಪ್ರತಿ ಸೋಮವಾರ ಬೆಳಿಗ್ಗೆ ಎರಡನ್ನೂ ನೋಡುತ್ತೇನೆ.

ತೆರೆದು ಓದಿದರೆ ಅವರಿಗೆ ತಿಳಿಯುವುದಿಲ್ಲ. Accept ಒತ್ತಿದ ಮೇಲಷ್ಟೇ ನೀವು ನೋಡಿದ್ದು ಕಾಣುತ್ತದೆ. ಹಾಗಾಗಿ ನಿಧಾನವಾಗಿ ಓದಿ, ಅವರ ಪ್ರೊಫೈಲ್ ನೋಡಿ, ಆಮೇಲೆ ತೀರ್ಮಾನಿಸಿ. ಬೇಡದ್ದು ತುಂಬಿದೆ ಎಂದು Delete all ಮಾತ್ರ ಒತ್ತಬೇಡಿ. ಹಾಗೆ ಅಳಿಸಿದ್ದರಲ್ಲಿ ಯಾರು ಬರೆದಿದ್ದರು ಎಂದು ಹುಡುಕಿಕೊಂಡು ನನ್ನ ಬಳಿ ಬಂದವರಿದ್ದಾರೆ. ನನ್ನಿಂದ ಏನೂ ಮಾಡಲಾಗಲಿಲ್ಲ.

ಇನ್ನೊಂದು ಮಾತು. 2023ರಿಂದ ಇನ್‌ಸ್ಟಾಗ್ರಾಂ ತಂದ ನಿಯಮದಂತೆ, ತಮ್ಮನ್ನು ಫಾಲೋ ಮಾಡದವರಿಗೆ ಜನ ಬರೆಯಬಹುದಾದದ್ದು ಒಂದೇ ಸಂದೇಶ, ಅದೂ ಬರಿಯ ಅಕ್ಷರದಲ್ಲಿ. ಆ ಕಡೆಯವರು ಒಪ್ಪುವವರೆಗೆ ಫೋಟೊ ಕಳುಹಿಸಲಾಗದು. ಆರು ಸೀರೆಯವರು ಮತ್ತೆ ಕೇಳಲಿಲ್ಲ, ಸೀರೆಯ ಚಿತ್ರ ಕಳುಹಿಸಲಿಲ್ಲ ಎಂದು ಅವರಿಗೆ ಮನಸ್ಸಿರಲಿಲ್ಲ ಎಂದುಕೊಳ್ಳಬೇಡಿ. ಬಾಗಿಲು ನಿಮ್ಮ ಕಡೆಯಿಂದ ಮುಚ್ಚಿತ್ತು.

ಮಂಡ್ಯ, ಸಕ್ಕರೆ ಕಾರ್ಖಾನೆಯ ನಿವೃತ್ತ ನೌಕರ

ನಾನು ಫೇಸ್‌ಬುಕ್ ಮಾತ್ರ ಬಳಸುವವನು, ನೀವು ಕೇಳಿದ್ದೂ ಅದರ ಬಗ್ಗೆಯೇ ಎಂದುಕೊಂಡು ಬರೆಯುತ್ತಿದ್ದೇನೆ. ನನ್ನ ಜೊತೆ ಒಂದೇ ಪಾಳಿಯಲ್ಲಿ ಹನ್ನೆರಡು ವರ್ಷ ದುಡಿದ ಗೆಳೆಯ ಮಗನ ಮನೆಗೆಂದು ಊರು ಬಿಟ್ಟ ಮೇಲೆ ಸಂಪರ್ಕ ತಪ್ಪಿತ್ತು. ಹೋದ ತಿಂಗಳು ಮೊಮ್ಮಗಳು ಮೆಸೆಂಜರ್‌ನಲ್ಲಿ Message requests ತೆರೆದು, ಅದರಲ್ಲಿ Spam ಎಂಬ ಕಡೆಗೆ ಹೋದಳು. ಅವನ ಸಂದೇಶ ಅಲ್ಲಿತ್ತು. "ನಾನು ಕಣೋ, ಇನ್ನೂ ಹಳೇ ಮನೆಯಲ್ಲೇ ಇದ್ದೀಯಾ? ನಂಬರ್ ಕೊಡು" ಎಂದು ಬರೆದು ಹದಿನಾಲ್ಕು ತಿಂಗಳಾಗಿದೆ. ನಂಬರ್ ಕಳುಹಿಸಿದೆ. ಇವತ್ತಿನವರೆಗೆ ಉತ್ತರವಿಲ್ಲ. ಅವನ ಚಿತ್ರವೂ ಈಗ ಕಾಣುತ್ತಿಲ್ಲ, ಹೆಸರಿದ್ದ ಜಾಗದಲ್ಲಿ Facebook user ಎಂದಷ್ಟೇ ಇದೆ. ಇದರರ್ಥ ಏನೆಂದು ಯಾರಾದರೂ ಹೇಳುವಿರಾ?

ಕುವೆಂಪುನಗರ, ಸಣ್ಣ ಅಂಗಡಿಗಳ ಖಾತೆ ನೋಡಿಕೊಳ್ಳುವವನು

ಯಜಮಾನರೇ, ಖಾತೆ ಮುಚ್ಚಿದ್ದರೂ ಹಾಗೆ ಕಾಣುತ್ತದೆ, ಅವರು ಅದನ್ನು ಕೆಲಕಾಲ ನಿಲ್ಲಿಸಿದ್ದರೂ ಹಾಗೆಯೇ. ಆ ಎರಡು ಪದಗಳಿಂದ ಅದಕ್ಕಿಂತ ಹೆಚ್ಚು ಊಹಿಸಲಾಗದು, ದಯವಿಟ್ಟು ಕೆಟ್ಟದ್ದನ್ನು ಯೋಚಿಸಬೇಡಿ. ಅದೇ ಪಾಳಿಯ ಇನ್ನೊಬ್ಬರ ಬಳಿ ಮಗನ ನಂಬರ್ ಇರಬಹುದು, ಅವರನ್ನು ಕೇಳಿ. ಇದು ಬಹಳ ಹಳೆಯ ಕಥೆ. 2015ಕ್ಕೆ ಮೊದಲು ಫೇಸ್‌ಬುಕ್‌ನಲ್ಲಿ ಇಂಥವೆಲ್ಲ Other ಎಂಬ ಕಡೆ ಬೀಳುತ್ತಿದ್ದವು. ಆಮೇಲೆ ಹೆಸರು ಬದಲಾಯಿತು, ಒಳಗೊಂದು ಕೋಣೆ ಉಳಿದೇ ಉಳಿಯಿತು. ಮೆಸೆಂಜರ್ ಸೆಟ್ಟಿಂಗ್ಸ್‌ನಲ್ಲಿ Message delivery ಎಂದಿದೆ. ನಿಮ್ಮ ಫೋನ್ ನಂಬರ್ ಇರುವವರ ಸಂದೇಶ ನೇರವಾಗಿ Chats ಒಳಗೆ ಬರಲಿ ಎಂದು ಅಲ್ಲಿ ಆರಿಸಬಹುದು. ಮೊಮ್ಮಗಳಿಗೆ ಹೇಳಿ.

ಶ್ರೀರಂಗಪಟ್ಟಣ, ಬ್ಲೌಸ್ ಹೊಲಿಯುವವರು

ಉತ್ತರ ಕೊಡಿ ಅಕ್ಕ. ನನಗೂ ಹೀಗೇ ಆಗಿತ್ತು. "ನಿಮ್ಮ ಸಂದೇಶ ಈಗಷ್ಟೇ ನೋಡಿದೆ, ಕ್ಷಮಿಸಿ. ಮುಂದೆ ಯಾವಾಗಲಾದರೂ ಬೇಕಾದರೆ ಈ ನಂಬರಿಗೆ ಕರೆ ಮಾಡಿ" ಎಂದು ಎರಡೇ ಸಾಲು ಬರೆದೆ. ರಿಯಾಯಿತಿ ಕೊಡುತ್ತೇನೆ ಎಂದು ಮಾತ್ರ ಬರೆಯಬೇಡಿ, ಏಳು ತಿಂಗಳ ಮೇಲೆ ಅಪರಿಚಿತರು ರಿಯಾಯಿತಿ ಎಂದರೆ ಮೋಸದ ಸಂದೇಶವೆಂದೇ ತಿಳಿಯುತ್ತಾರೆ. ಪ್ರೊಫೈಲ್‌ನಲ್ಲಿ ಮೇಲೆಯೇ ಫೋನ್ ನಂಬರ್ ಹಾಕಿದ ಮೇಲೆ ನನಗೆ ಈ ಪೆಟ್ಟಿಗೆಗಳ ಚಿಂತೆ ಅರ್ಧ ಕಡಿಮೆಯಾಗಿದೆ.

ಕುವೆಂಪುನಗರ, ಸಣ್ಣ ಅಂಗಡಿಗಳ ಖಾತೆ ನೋಡಿಕೊಳ್ಳುವವನು

ನಂಬರ್ ವಿಚಾರದಲ್ಲಿ ನನ್ನ ಅಭಿಪ್ರಾಯ ಬೇರೆ. ಮನೆಯಲ್ಲಿ ಒಬ್ಬರೇ ಇರುವ ಹೆಣ್ಣುಮಕ್ಕಳು ಸ್ವಂತ ನಂಬರನ್ನು ಎಲ್ಲರಿಗೂ ಕಾಣುವಂತೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ವ್ಯಾಪಾರಕ್ಕೆಂದೇ ಬೇರೆ ಸಿಮ್ ಇದ್ದರೆ ಸರಿ.

ಶ್ರೀರಂಗಪಟ್ಟಣ, ಬ್ಲೌಸ್ ಹೊಲಿಯುವವರು

ಸಿಮ್ ಎರಡಾದರೆ ರೀಚಾರ್ಜ್ ಕೂಡ ಎರಡು ಅಣ್ಣ. ನನ್ನ ಸಂಪಾದನೆಗೆ ಅದು ಹೊರೆ.

ಮೈಸೂರು, ಸೀರೆಗೆ ಕುಚ್ಚು ಹಾಕುವವರು

ಎಲ್ಲರಿಗೂ ನಮಸ್ಕಾರ. Hidden Requests ಒಳಗೆ ಇನ್ನೂ ಮೂರು ಇದ್ದವು. ಎರಡು ಲಿಂಕ್ ಒತ್ತಿ ಎನ್ನುವಂಥವು, ಮುಟ್ಟಲಿಲ್ಲ. ಮೂರನೆಯವರು ಕ್ರೇಪ್ ಸೀರೆಗೆ ಕ್ರೋಶಾ ಕುಚ್ಚು ಆಗುತ್ತದೆಯೇ ಎಂದು ಕೇಳಿದ್ದರು. ನನ್ನ ಪಟ್ಟಿಯಲ್ಲಿ ಪದಗಳೇನೂ ಇರಲಿಲ್ಲ, ಅದು ಯಾಕೆ ಅಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಮೊದಲಿನ ಹನ್ನೊಂದು ಜನಕ್ಕೂ ಅವರಿಗೂ ಆ ಎರಡು ಸಾಲು ಬರೆದೆ. ನಾಲ್ವರು ಉತ್ತರಿಸಿದರು. ಆರು ಸೀರೆಯವರ ಮಗಳ ಮದುವೆ ಮುಗಿದಿದೆ, ಕುಚ್ಚು ಬೇರೆ ಕಡೆ ಹಾಕಿಸಿದರಂತೆ. ಈಗ ಸೀಮಂತಕ್ಕೆ ಒಂದು ಹಸಿರು ಸೀರೆ ಇದೆಯಂತೆ, ಭಾನುವಾರ ತಂದುಕೊಡುತ್ತಾರೆ.